ಫೋಟೊ ನೋಡಿಯೇ ನಕಲಿ ಟ್ರಿಮ್ಮರ್, ಕೆಟಲ್ ಗುರುತಿಸುವುದು ಹೇಗೆ? ರೇಟಿಂಗ್ ಪ್ಲೇಟ್, ಪ್ಲಗ್, ಅಚ್ಚಿನ ಗೆರೆ ಓದುವ ಸಮಗ್ರ ಮಾರ್ಗದರ್ಶಿ

ಬ್ರ್ಯಾಂಡೆಡ್ ಟ್ರಿಮ್ಮರನ್ನೋ ಕೆಟಲನ್ನೋ ಆನ್‌ಲೈನ್‌ನಲ್ಲಿ ಕೊಳ್ಳುವ ಮುಂಚೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮಾರುವವರು ಹಾಕಿದ ಫೋಟೊವನ್ನು ಕಂಪನಿಯ ಫೋಟೊ ಪಕ್ಕ ಇಟ್ಟು, ಬಣ್ಣ ಹೊಂದುತ್ತದಾ, ಲೋಗೊ ಹೊಂದುತ್ತದಾ ಅಂತ ನೋಡುತ್ತಾರೆ. ಮೋಸ ಹೋಗುವುದು ಇಲ್ಲೇ. ನಕಲು ಮಾಡುವವರು ಶ್ರಮ ಹಾಕುವುದೂ ಬಣ್ಣ, ಲೋಗೊ, ಡಬ್ಬಿಯ ಮೇಲೆಯೇ. ಹಾಗಾಗಿ ಅಲ್ಲಿ ತಪ್ಪು ಸಿಗುವುದು ಕಡಿಮೆ.

ಇಲ್ಲಿ ಹೇಳುವ ದಾರಿ ಬೇರೆ. ವಸ್ತುವನ್ನು ಇನ್ನೊಂದು ಫೋಟೊಗೆ ಹೋಲಿಸುವ ಬದಲು, ಅದು ತನಗೆ ತಾನೇ ಹೊಂದುತ್ತದಾ ಅಂತ ನೋಡಬೇಕು. ವೋಲ್ಟ್, ವ್ಯಾಟ್ ಬರೆದಿರುವ ಲೇಬಲ್, ಅಂದರೆ ರೇಟಿಂಗ್ ಪ್ಲೇಟ್, ಒಂದು ಮಾತು ಹೇಳಿ, ಪ್ಲಗ್ ಇನ್ನೊಂದು ಹೇಳಿದರೆ ಅದೇ ಸುಳಿವು. ನಕಲಿ ವಸ್ತುವಿನ ಲೇಬಲ್, ವೈರು, ಮೈ ಬೇರೆ ಬೇರೆ ಕಡೆಯಿಂದ ಬರುತ್ತವೆ. ಅವು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಕೂತು ನೋಡಿದವರು ಅಲ್ಲಿ ಕಡಿಮೆ.

ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಪ್ಲೇಟ್ ಮೊದಲು, ಯಾಕೆಂದರೆ ಪ್ಲಗ್ ಹೇಗಿರಬೇಕು ಅಂತ ತಿಳಿಸುವುದೇ ಪ್ಲೇಟ್. ಅಚ್ಚಿನ ಗೆರೆ ಕೊನೆಗೆ, ಯಾಕೆಂದರೆ ಫೋಟೊ ನಮ್ಮನ್ನು ಅತಿ ಸುಲಭವಾಗಿ ದಾರಿ ತಪ್ಪಿಸುವುದು ಅಲ್ಲಿ.

## ಏನೇನು ಬೇಕು

ಕಂಪ್ಯೂಟರ್ ಅಥವಾ ಟ್ಯಾಬ್‌ನಂಥ ದೊಡ್ಡ ಪರದೆ, ಒಂದು ಕ್ಯಾಲ್ಕುಲೇಟರ್, ಕಾಗದ, ಪೆನ್ನು. ಜೊತೆಗೆ ಆ ಮಾಡೆಲ್‌ನ ಬಳಕೆದಾರರ ಕೈಪಿಡಿ. ದೊಡ್ಡ ಕಂಪನಿಗಳ ಕೈಪಿಡಿಗಳು ಅವರ ವೆಬ್‌ಸೈಟಿನಲ್ಲೇ ಪಿಡಿಎಫ್ ಆಗಿ ಸಿಗುತ್ತವೆ. ಜಾಹೀರಾತಿನ ಚಿತ್ರಕ್ಕಿಂತ ಕೈಪಿಡಿಯೇ ಉಪಯೋಗಕ್ಕೆ ಬರುತ್ತದೆ. ಚಾರ್ಜರ್ ಯಾವ ಬಗೆಯದು, ಬ್ಯಾಟರಿ ಯಾವುದು, ನೀರಿನಲ್ಲಿ ತೊಳೆಯಬಹುದಾ ಎಂಬುದೆಲ್ಲ ಅದರಲ್ಲಿ ಇರುತ್ತದೆ.

## ಹಂತ 1: ಕೆಲಸಕ್ಕೆ ಬರುವ ಫೋಟೊ ತರಿಸಿಕೊಳ್ಳಿ

ಮಾರಾಟದ ಪುಟದಲ್ಲಿರುವ ಫೋಟೊಗಳಿಂದ ಏನನ್ನೂ ತೀರ್ಮಾನಿಸಲು ಹೋಗಬೇಡಿ. ಹಲವು ಸಲ ಅವು ಕಂಪನಿಯ ಫೋಟೊಗಳೇ ಆಗಿರುತ್ತವೆ. ಚಿತ್ರ ಕೊಟ್ಟು ಹುಡುಕುವ ಸೌಲಭ್ಯದಲ್ಲಿ ಒಮ್ಮೆ ಹಾಕಿ ನೋಡಿ. ಅದೇ ಫೋಟೊ ನಾಲ್ಕು ಕಡೆ ಸಿಕ್ಕರೆ ಅದು ನಿಮಗೆ ಬರುವ ವಸ್ತುವಿನ ಫೋಟೊ ಅಲ್ಲ, ಅಷ್ಟೇ.

ಮಾರುವವರಿಂದ ನಾಲ್ಕು ಫೋಟೊ ಕೇಳಿ. ಒಂದು, ರೇಟಿಂಗ್ ಪ್ಲೇಟ್ ನೇರವಾಗಿ, ಅಕ್ಷರ ಓದುವಂತೆ. ಎರಡು, ಪ್ಲಗ್ಗಿನ ಪಿನ್ನುಗಳು ಕ್ಯಾಮೆರಾ ಕಡೆ ಮುಖ ಮಾಡಿದಂತೆ. ಮೂರು, ಅದೇ ಪ್ಲಗ್ ಪಕ್ಕದಿಂದ, ಪಿನ್ನಿನ ಪೂರ್ತಿ ಉದ್ದ ಕಾಣುವಂತೆ. ನಾಲ್ಕು, ಮೈಯ ಪಕ್ಕದ ಭಾಗ, ಕಿಟಕಿಯ ಬೆಳಕು ಒಂದು ಬದಿಯಿಂದ ಬೀಳುವಂತೆ. ಯಾವುದಾದರೂ ಒಂದು ಫೋಟೊದಲ್ಲಿ ನೀವು ಹೇಳಿದ ಪದವನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಇಡಲು ಹೇಳಿ. ವಸ್ತು ಅವರ ಕೈಯಲ್ಲೇ ಇದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಫೋಟೊ ತೆಗೆಯುವ ರೀತಿಯನ್ನೂ ಹೇಳಿಬಿಡಿ. ಫೋನನ್ನು ವಸ್ತುವಿಗೆ ಅಂಟಿಸಿದ ಹಾಗೆ ಹಿಡಿದರೆ ನೇರ ಗೆರೆ ಬಾಗಿ ಕಾಣುತ್ತದೆ. ಒಂದು ಮೊಳ ದೂರ ನಿಂತು ಎರಡು ಪಟ್ಟು ಜೂಮ್ ಮಾಡಿ ತೆಗೆದರೆ ಸರಿ. ಫ್ಲ್ಯಾಶ್ ಬೇಡ, ಅದು ಲೇಬಲ್ ಮೇಲೆ ಬಿಳಿ ಮಚ್ಚೆ ಮಾಡುತ್ತದೆ. ಕಳಿಸುವಾಗ ಮೆಸೇಜಿಂಗ್ ಆಪ್‌ನಲ್ಲಿ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲಿ. ಫೋಟೊ ಆಗಿ ಕಳಿಸಿದರೆ ಆಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಸಣ್ಣ ಅಕ್ಷರಗಳು ಮೊದಲು ಹೋಗುತ್ತವೆ.

ಎಚ್ಚರಿಕೆ: ಮೈಯ ಫೋಟೊ ಬೇಕಾದಷ್ಟು ಕಳಿಸಿ, ಪ್ಲಗ್ ಮತ್ತು ಲೇಬಲ್ ಕೇಳಿದಾಗ ಮಾತ್ರ ಮಸುಕಾದದ್ದು ಕಳಿಸುವವರಿದ್ದಾರೆ. ಇನ್ನೊಮ್ಮೆ ಕೇಳಿ. ಎರಡನೇ ಸಲವೂ ಮಸುಕಾದದ್ದೇ ಬಂದರೆ ಅಲ್ಲಿಗೆ ಬಿಟ್ಟುಬಿಡಿ.

## ಹಂತ 2: ರೇಟಿಂಗ್ ಪ್ಲೇಟನ್ನು ಕಾಗದದ ಮೇಲೆ ಇಳಿಸಿ

ಕೆಟಲ್, ಮಿಕ್ಸರ್, ಟೋಸ್ಟರ್‌ಗಳಲ್ಲಿ ಪ್ಲೇಟ್ ಸಾಮಾನ್ಯವಾಗಿ ತಳದಲ್ಲಿ ಇರುತ್ತದೆ. ಟ್ರಿಮ್ಮರ್‌ನಲ್ಲಿ ಹಿಂಬದಿಯಲ್ಲಿ ಅಥವಾ ಚಾರ್ಜಿಂಗ್ ತೂತಿನ ಹತ್ತಿರ. ಅಡಾಪ್ಟರ್ ಇದ್ದರೆ ಅದಕ್ಕೆ ಅದರದೇ ಪ್ಲೇಟ್ ಇರುತ್ತದೆ. ಎರಡನ್ನೂ ಬೇರೆ ಬೇರೆ ಓದಿ.

ಸುಮ್ನೆ ಕಣ್ಣು ಹಾಯಿಸಿದರೆ ಸಾಲದು. ಕಂಡದ್ದನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಿ. ಓದಲಾಗದ ಕಡೆ ಪ್ರಶ್ನೆಚಿಹ್ನೆ ಹಾಕಿ. ಊಹಿಸಿ ತುಂಬಿಸಬೇಡಿ. ಮಸುಕಾದ ಫೋಟೊದಲ್ಲಿ `8` ಮತ್ತು `B`, `0` ಮತ್ತು `O`, `5` ಮತ್ತು `S` ಒಂದೇ ಥರ ಕಾಣುತ್ತವೆ. ಫೋಟೊವನ್ನು ಸ್ಪಷ್ಟ ಮಾಡಿಕೊಡುವ ಆಪ್‌ಗಳನ್ನು ಬಳಸುವವರಿದ್ದಾರೆ, ಅದೂ ಬೇಡ. ಅವು ಇಲ್ಲದ ಅಕ್ಷರವನ್ನು ತಾವೇ ಬರೆದುಬಿಡುತ್ತವೆ, ಆಮೇಲೆ ನಾವು ಅದನ್ನೇ ನಂಬಿ ಕೂರುತ್ತೇವೆ.

ಒಂದು ಒಳ್ಳೆಯ ಕೆಟಲ್‌ನ ಪ್ಲೇಟ್‌ನಲ್ಲಿ ಇಂಥ ಸಾಲು ಇರುತ್ತದೆ:

```
220-240V~  50/60Hz  1850-2200W
```

ಇದರಲ್ಲಿ ಅಲೆಯಂಥ ಗುರುತು ಎಸಿ ಕರೆಂಟಿಗೆ. ಡಿಸಿ ಆದರೆ ಮೇಲೆ ಒಂದು ಉದ್ದ ಗೆರೆ, ಅದರ ಕೆಳಗೆ ತುಂಡು ಗೆರೆಗಳು ಇರುತ್ತವೆ. ಬ್ರ್ಯಾಂಡ್, ಮಾಡೆಲ್ ಸಂಖ್ಯೆಗಳೂ ಇದೇ ಪ್ಲೇಟ್‌ನಲ್ಲಿ ಇರಬೇಕು. ಮಾಡೆಲ್ ಸಂಖ್ಯೆ ಡಬ್ಬಿಯ ಮೇಲೆ ಮಾತ್ರ ಇದ್ದು, ವಸ್ತುವಿನ ಮೇಲೆ ಇಲ್ಲದಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ.

ಇನ್ನು ಅಕ್ಷರದ ದೊಡ್ಡ, ಸಣ್ಣ ರೂಪ. `Hz` ಬರೆಯಬೇಕಾದಲ್ಲಿ `HZ`, `kW` ಬರೆಯಬೇಕಾದಲ್ಲಿ `KW`, `W` ಇರಬೇಕಾದಲ್ಲಿ `w` ಕಂಡರೆ, ಪ್ಲೇಟನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟವರು ಯಾರೂ ಇರಲಿಲ್ಲ ಎಂಬ ಅನುಮಾನ ಬರುತ್ತದೆ. ಆದರೆ ಇದು ಚಿಕ್ಕ ಸುಳಿವು ಮಾತ್ರ. ನಿಜವಾದ ಸಣ್ಣ ಕಂಪನಿಗಳೂ ಹೀಗೆ ಬರೆಯುತ್ತವೆ. ಇದೊಂದರ ಮೇಲೆ ನಕಲಿ ಅಂತ ಕೂಗುವುದು ಹೊಸಬರು ಮಾಡುವ ಮಾಮೂಲಿ ತಪ್ಪು.

ವಸ್ತು ಯುರೋಪಿನ ನಿಯಮಗಳಿಗೆ ಹೊಂದುತ್ತದೆ ಎಂದು ಹೇಳುವ ಸಿಇ ಗುರುತನ್ನು ನೋಡುವ ರೀತಿ ಇದೆ. ಅದರ ಎರಡೂ ಅಕ್ಷರ ವೃತ್ತದ ಭಾಗಗಳು. ಮೊದಲ ಅಕ್ಷರದ ವೃತ್ತವನ್ನು ಮನಸ್ಸಿನಲ್ಲೇ ಪೂರ್ತಿ ಮಾಡಿದರೆ ಅದು ಎರಡನೇ ಅಕ್ಷರದ ಎಡ ಬೆನ್ನಿನವರೆಗೆ ಬರಬೇಕು. ಅಂದರೆ ಎರಡು ಅಕ್ಷರಗಳ ನಡುವೆ ಸಾಕಷ್ಟು ಜಾಗ ಇರಬೇಕು. ಎರಡನೇ ಅಕ್ಷರದ ನಡುವಿನ ಕಡ್ಡಿ ಮೇಲಿನ, ಕೆಳಗಿನ ತುದಿಗಳಿಗಿಂತ ಚಿಕ್ಕದಾಗಿರಬೇಕು. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಂತೆ ಇದ್ದರೆ ಯಾರೋ ಮಾಮೂಲಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ ಎಂದೇ ಅರ್ಥ. ಹಾಗಂತ ಗುರುತು ಸರಿಯಾಗಿದ್ದರೆ ವಸ್ತು ಅಸಲಿ ಅಂತಲ್ಲ. ಗೃಹೋಪಯೋಗಿ ಉಪಕರಣಗಳ ಮೇಲೆ ಸಿಇ ಹಾಕುವುದು ತಯಾರಕರೇ, ತಮ್ಮ ಹೊಣೆಯಲ್ಲಿ. ಅಚ್ಚು ಹಾಕಲು ಯಾರಪ್ಪಣೆಯೂ ಬೇಡ.

ಸಂಖ್ಯೆ ಇರುವ ಗುರುತುಗಳು ಹೆಚ್ಚು ಕೆಲಸಕ್ಕೆ ಬರುತ್ತವೆ, ಯಾಕೆಂದರೆ ಅವನ್ನು ಹುಡುಕಿ ನೋಡಬಹುದು. ಐಎಸ್‌ಐ ಗುರುತಿನ ಮೇಲೆ ಮಾನದಂಡದ ಸಂಖ್ಯೆ, ಕೆಳಗೆ `CM/L` ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ ಆಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರದು, ಯಾವ ವಸ್ತುವಿಗೆ ಎಂದು ಬರುತ್ತದೆ. ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುಎಲ್‌ನ ಗುರುತಿನ ಅಡಾಪ್ಟರ್‌ಗಳ ಮೇಲೆ `E` ಅಕ್ಷರದಿಂದ ಶುರುವಾಗುವ ಫೈಲ್ ಸಂಖ್ಯೆ ಇರುತ್ತದೆ. ಸಂಖ್ಯೆ ನಿಜವಾಗಿಯೂ ಇದೆ ಎಂದು ಬಂದರೆ ಅಲ್ಲಿಗೇ ನಿಲ್ಲಿಸಬೇಡಿ. ಆ ಲೈಸೆನ್ಸ್ ಈ ಬಗೆಯ ವಸ್ತುವಿಗೇನಾ ಅಂತ ನೋಡಿ. ಬೇರೆಯವರ ಸಂಖ್ಯೆಯನ್ನು ಎತ್ತಿ ಹಾಕುವುದು ಸುಲಭ, ಅಲ್ವಾ?

## ಹಂತ 3: ಪ್ಲೇಟ್‌ನ ಲೆಕ್ಕ ಹಾಕಿ

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಹೆಚ್ಚಿನವರು ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಫೋಟೊದಿಂದ ಸಿಗುವ ಅತಿ ಗಟ್ಟಿ ಸುಳಿವು ಇಲ್ಲೇ ಇದೆ. ಬೆಳಕು, ಬಣ್ಣ, ಕ್ಯಾಮೆರಾ ಯಾವುದೂ ಲೆಕ್ಕವನ್ನು ಬದಲಿಸುವುದಿಲ್ಲ.

ಮೊದಲು ಕಾಯಿಸುವ ಉಪಕರಣಗಳು: ಕೆಟಲ್, ಟೋಸ್ಟರ್, ಗ್ರಿಲ್. ಇವುಗಳ ವ್ಯಾಟ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 240ನ್ನು 220ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಸುಮಾರು 1.19. ಮೇಲಿನ ಕೆಟಲ್‌ನಲ್ಲಿ 1850ನ್ನು 1.19ರಿಂದ ಗುಣಿಸಿದರೆ 2200 ಬರುತ್ತದೆ. ಪ್ಲೇಟ್‌ನಲ್ಲೂ ಅದೇ ಇದೆ. ಇನ್ನೊಂದು ಪ್ಲೇಟ್‌ನಲ್ಲಿ 2000ದಿಂದ 2400 ಅಂತ ಇದ್ದರೆ ಅದೂ ಸರಿ, ಲೆಕ್ಕಕ್ಕೆ 2380 ಬರುತ್ತದೆ, ದುಂಡು ಮಾಡಿದ್ದಾರೆ. ಆದರೆ ಅದೇ 220-240 ವೋಲ್ಟಿಗೆ 1500ರಿಂದ 2200 ವ್ಯಾಟ್ ಅಂತ ಇದ್ದರೆ? ಒಂದೇ ಕಾಯಿಲ್ ಹಾಗೆ ನಡೆದುಕೊಳ್ಳಲು ಸಾಧ್ಯವಿಲ್ಲ. ನೋಡಲು ಚೆನ್ನಾಗಿರಲಿ ಎಂದು ಬರೆದ ಸಂಖ್ಯೆ ಅದು. ಈ ಲೆಕ್ಕವನ್ನು ಮಿಕ್ಸರ್‌ನಂಥ ಮೋಟಾರ್ ಉಪಕರಣಕ್ಕೆ ಹಾಕಬೇಡಿ, ಅಲ್ಲಿ ಹೊಂದುವುದಿಲ್ಲ.

ಎರಡನೆಯದು ಕರೆಂಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 2200ನ್ನು 230ರಿಂದ ಭಾಗಿಸಿದರೆ ಸುಮಾರು 9.6. ಈ ಸಂಖ್ಯೆಯನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದಿಡಿ. ಪ್ಲಗ್ ನೋಡುವಾಗ ಬೇಕಾಗುತ್ತದೆ.

ಮೂರನೆಯದು ಅಡಾಪ್ಟರ್. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಜಾಸ್ತಿ ಆಗಲು ಸಾಧ್ಯವಿಲ್ಲ. ಇನ್‌ಪುಟ್ ಕಡೆ ಬರೆದಿರುವ ಅತಿ ಕಡಿಮೆ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ. ಔಟ್‌ಪುಟ್ ಕಡೆಯ ವೋಲ್ಟ್, ಆಂಪಿಯರ್ ಗುಣಿಸಿ. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾಗಿರಲೇಬೇಕು. ಒಳ್ಳೆಯ ಅಡಾಪ್ಟರ್‌ಗಳಲ್ಲಿ ಸಾಕಷ್ಟು ದೊಡ್ಡದಾಗಿಯೇ ಇರುತ್ತದೆ.

ನಾಲ್ಕನೆಯದು ಬ್ಯಾಟರಿ. ಲಿಥಿಯಂ ಅಯಾನ್ ಸೆಲ್ ಒಂದರ ವೋಲ್ಟೇಜ್ 3.6 ಅಥವಾ 3.7 ಎಂದು ಬರೆಯುತ್ತಾರೆ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಒಂದಕ್ಕೆ 1.2, ಎರಡು ಇದ್ದರೆ 2.4. ಲಿಥಿಯಂ ಅಯಾನ್ ಅಂತ ಹೇಳಿ 1.2 ವೋಲ್ಟ್ ಬರೆದಿದ್ದರೆ ಎರಡು ಬೇರೆ ಮಾಡೆಲ್‌ಗಳ ಲೇಬಲ್ ಬೆರೆತಿದೆ.

## ಹಂತ 4: ಪ್ಲಗ್ ಮತ್ತು ವೈರು

ಪ್ಲಗ್ಗಿಗೆ ಬರುವ ಮುಂಚೆ ಪ್ಲೇಟ್‌ನಲ್ಲಿ ಒಂದು ಚಿಹ್ನೆ ಹುಡುಕಿ: ಚೌಕದೊಳಗೆ ಚೌಕ. ಅದು ಇದ್ದರೆ ಉಪಕರಣಕ್ಕೆ ಎರಡು ಪದರದ ಇನ್ಸುಲೇಶನ್ ಇದೆ, ಅರ್ತಿಂಗ್ ಬೇಡ ಎಂದರ್ಥ. ಇಲ್ಲದಿದ್ದರೆ, ಕೆಟಲ್, ಟೋಸ್ಟರ್‌ನಂಥ ವಸ್ತುಗಳಿಗೆ ಅರ್ತ್ ಬೇಕೇ ಬೇಕು. ಚೌಕದೊಳಗಿನ ಚೌಕ ಇಲ್ಲದ ಸ್ಟೀಲ್ ಮೈಯ ಕೆಟಲ್‌ಗೆ ಅರ್ತ್ ಇಲ್ಲದ ಎರಡು ಪಿನ್ನಿನ ಪ್ಲಗ್ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಅಸಲಿಯೋ ನಕಲಿಯೋ, ಅದನ್ನು ಮುಟ್ಟಬಾರದು.

ಇದನ್ನು ತಿರುಗಿಸಿ ಓದಬೇಡಿ. ಚೌಕದೊಳಗೆ ಚೌಕ ಇದ್ದೂ ಮೂರು ಪಿನ್ ಇದ್ದರೆ ಅದು ತಪ್ಪಲ್ಲ. ಚಪ್ಪಟೆ ಪಿನ್ನಿನ ಬ್ರಿಟಿಷ್ ಪ್ಲಗ್‌ನಲ್ಲಿ ಸಾಕೆಟ್ಟಿನ ಬಾಗಿಲು ತೆರೆಯಲು ಮೂರನೇ ಪಿನ್ ಬೇಕೇ ಬೇಕು. ಅರ್ತ್ ಬೇಡದ ಉಪಕರಣಕ್ಕೆ ಆ ಪಿನ್ ಪ್ಲಾಸ್ಟಿಕ್‌ನದ್ದೂ ಇರಬಹುದು.

ಇನ್ನು ಆಂಪಿಯರ್ ತಾಳೆ ನೋಡಿ. ತೆಳ್ಳಗಿನ, ಎರಡು ದುಂಡು ಪಿನ್ನಿನ ಯೂರೋಪ್ಲಗ್ ಇರುವುದು ಹೆಚ್ಚೆಂದರೆ 2.5 ಆಂಪಿಯರ್‌ಗೆ. ಟ್ರಿಮ್ಮರ್‌ಗೆ ಅದು ಸರಿ. ಕಾಗದದ ಮೇಲೆ 9.6 ಅಂತ ಬರೆದಿಟ್ಟ ಕೆಟಲ್‌ಗೆ ಅದೇ ಪ್ಲಗ್ ಇದ್ದರೆ, ಪ್ಲೇಟ್ ಸುಳ್ಳು ಅಥವಾ ಪ್ಲಗ್ ಸುಳ್ಳು. ಹೆಚ್ಚು ಕರೆಂಟಿನ ಎರಡು ಪಿನ್ನಿನ ಪ್ಲಗ್ ಬೇರೆ ಇದೆ, ಅದರ ಪಿನ್ ದಪ್ಪ, ಮೈ ದುಂಡಗೆ ಅಗಲವಾಗಿರುತ್ತದೆ. ಎರಡನ್ನೂ ಬೆರೆಸಿಕೊಳ್ಳಬೇಡಿ. ಮೂರು ದುಂಡು ಪಿನ್ನಿನ ಪ್ಲಗ್‌ಗಳಲ್ಲಿ 6 ಮತ್ತು 16 ಆಂಪಿಯರ್‌ನ ಎರಡು ಗಾತ್ರಗಳಿವೆ. 9.6 ಆಂಪಿಯರ್ ಎಳೆಯುವ ಕೆಟಲ್‌ಗೆ ಚಿಕ್ಕದು ಸಾಲದು.

ಈಗ ಪಿನ್ನುಗಳನ್ನು ಹತ್ತಿರದಿಂದ ನೋಡಿ. ಪಕ್ಕದಿಂದ ತೆಗೆದ ಫೋಟೊ ಕೇಳಿದ್ದು ಇದಕ್ಕೇ. ಯೂರೋಪ್ಲಗ್‌ನ ಪಿನ್ 19 ಮಿಲಿಮೀಟರ್ ಉದ್ದ. ಬುಡದಿಂದ 10 ಮಿಲಿಮೀಟರ್‌ನಷ್ಟು ಪ್ಲಾಸ್ಟಿಕ್ ಹೊದಿಕೆ, ಅಂದರೆ ತೋಳು, ಇರುತ್ತದೆ. ಅಂದರೆ ಫೋಟೊದಲ್ಲಿ ಪಿನ್ನಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಪ್ಲಾಸ್ಟಿಕ್, ಉಳಿದದ್ದು ಲೋಹ. ಪರದೆಯ ಮೇಲೆ ಕಾಗದದ ಅಂಚು ಇಟ್ಟು ಗುರುತು ಮಾಡಿ ಅಳೆಯಬಹುದು. ತೋಳು ಕಾಲು ಭಾಗ ಮಾತ್ರ ಇದ್ದರೆ, ಅಥವಾ ಬುಡದವರೆಗೂ ಲೋಹವೇ ಇದ್ದರೆ, ಪ್ಲಗ್ ಅರ್ಧ ಹೊರಗಿರುವಾಗ ಬೆರಳಿಗೆ ಕರೆಂಟ್ ತಗಲುತ್ತದೆ.

ಬ್ರಿಟಿಷ್ ಪ್ಲಗ್‌ನಲ್ಲಿ ತೋಳು ಇರಬೇಕಾದದ್ದು ಕೆಳಗಿನ ಎರಡು ಪಿನ್ನಿಗೆ ಮಾತ್ರ. ಅರ್ತ್ ಬೇಕಾದ ಉಪಕರಣದಲ್ಲಿ ಮೇಲಿನ ಉದ್ದ ಅರ್ತ್ ಪಿನ್ ಪೂರ್ತಿ ಲೋಹ. ನಕಲಿ ಮಾಡುವವರು ಮೂರಕ್ಕೂ ತೋಳು ಹಾಕುತ್ತಾರೆ, ನೋಡಲು ಇನ್ನೂ ಸುರಕ್ಷಿತ ಅನಿಸುತ್ತದೆ. ಆದರೆ ಅರ್ತ್ ಪಿನ್ನಿಗೆ ತೋಳು ಹಾಕಿದರೆ ಸಾಕೆಟ್ಟಿನೊಳಗೆ ಲೋಹಕ್ಕೆ ಲೋಹ ತಾಗದೆ ಅರ್ತಿಂಗೇ ಸಿಗದೆ ಹೋಗಬಹುದು. ಇದು ಒಂದು ಮೈಲಿ ದೂರದಿಂದಲೂ ಕಾಣುವ ತಪ್ಪು, ಆದರೂ ಯಾರೂ ನೋಡುವುದಿಲ್ಲ.

ಅದೇ ಪ್ಲಗ್ಗನ್ನು ಮುಂದಿನಿಂದ ತೆಗೆದ ಫೋಟೊದಲ್ಲಿ ಅಳೆಯುವುದಕ್ಕೂ ಒಂದು ಉಪಾಯ ಇದೆ. ಕೆಳಗಿನ ಪಿನ್ನುಗಳ ಅಗಲ 6.35 ಮಿಲಿಮೀಟರ್. ಪಿನ್ನಿನಿಂದ ಪ್ಲಗ್ಗಿನ ಅಂಚಿಗೆ ಕನಿಷ್ಠ 9.5 ಮಿಲಿಮೀಟರ್ ಬಿಡಬೇಕು. ಅಂದರೆ ಪಿನ್ನಿನ ಅಗಲದ ಒಂದೂವರೆ ಪಟ್ಟು. ಪರದೆಯ ಮೇಲೆ ಪಿನ್ನಿನ ಅಗಲವನ್ನು ಕಾಗದದ ಅಂಚಿನಲ್ಲಿ ಗುರುತು ಹಾಕಿ, ಅದನ್ನು ಅಂಚಿನ ಕಡೆಗೆ ಒಂದೂವರೆ ಸಲ ಇಟ್ಟು ನೋಡಿ. ಜಾಗ ಸಾಲದೆ ಕಾಗದದ ಗುರುತು ಪ್ಲಗ್ಗಿನ ಹೊರಗೆ ಹೋದರೆ ಆ ಪ್ಲಗ್ ಮಾನದಂಡಕ್ಕೆ ಹೊಂದುವುದಿಲ್ಲ. ಫೋಟೊ ಓರೆಯಾಗಿದ್ದರೆ ಈ ಅಳತೆ ಹಾಕಬೇಡಿ, ನೇರವಾದದ್ದನ್ನು ಇನ್ನೊಮ್ಮೆ ಕೇಳಿ.

ವೈರಿನ ಮೇಲೆ ಅಚ್ಚಾದ ಸಣ್ಣ ಅಕ್ಷರಗಳೂ ಒಮ್ಮೊಮ್ಮೆ ಫೋಟೊದಲ್ಲಿ ಸಿಗುತ್ತವೆ:

```
H05VV-F 3G1.0
H03VVH2-F 2X0.75
```

`3G` ಅಂದರೆ ಅರ್ತ್ ಸೇರಿ ಮೂರು ಎಳೆ. `2X` ಅಂದರೆ ಅರ್ತ್ ಇಲ್ಲದ ಎರಡು ಎಳೆ. ಕೊನೆಯ ಸಂಖ್ಯೆ ತಂತಿಯ ದಪ್ಪ, ಚದರ ಮಿಲಿಮೀಟರ್‌ನಲ್ಲಿ. ಪ್ಲಗ್ಗಿಗೆ ಮೂರು ಪಿನ್ ಇದ್ದು ವೈರಿನ ಮೇಲೆ `2X` ಇದ್ದರೆ ಒಳಗೆ ಅರ್ತ್ ತಂತಿಯೇ ಇಲ್ಲ. ಚೌಕದೊಳಗಿನ ಚೌಕ ಇರುವ ಮಿಕ್ಸರ್‌ನಲ್ಲಿ ಇದು ಸರಿ, ಸ್ಟೀಲ್ ಕೆಟಲ್‌ನಲ್ಲಿ ಅಪಾಯ.

## ಹಂತ 5: ಅಚ್ಚಿನ ಗೆರೆ

ಪ್ಲಾಸ್ಟಿಕ್ ಮೈಯನ್ನು ಎರಡು ಭಾಗದ ಲೋಹದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನ ಭಾಗಗಳು ಸೇರುವಲ್ಲಿ ಒಂದು ತೆಳು ಗೆರೆ ಉಳಿಯುತ್ತದೆ. ಇದು ಅಸಲಿಯಲ್ಲೂ ಇರುತ್ತದೆ, ಹಾಗಾಗಿ ಗೆರೆ ಕಂಡಿತು ಅಂತ ಗಾಬರಿ ಬೇಡ. ಎಲ್ಲಿದೆ, ಎಷ್ಟು ಶುದ್ಧವಾಗಿದೆ ಎಂಬುದು ಮುಖ್ಯ.

ಒಳ್ಳೆಯ ಅಚ್ಚಿನಲ್ಲಿ ಗೆರೆಯನ್ನು ಬಣ್ಣ ಬದಲಾಗುವ ಕಡೆ, ಅಂಚಿನ ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ ಇಟ್ಟಿರುತ್ತಾರೆ. ಕೈಯಲ್ಲಿ ಹಿಡಿಯುವ ಜಾಗದ ನಟ್ಟನಡುವೆ ಉಬ್ಬಿದ ಗೆರೆ ಹಾದುಹೋದರೆ ಅನುಮಾನ ಪಡಿ. ಪಕ್ಕದಿಂದ ಬಂದ ಕಿಟಕಿ ಬೆಳಕು ಮೈಮೇಲೆ ಒಂದು ಹೊಳೆಯುವ ಪಟ್ಟಿ ಮಾಡಿರುತ್ತದೆ. ಆ ಪಟ್ಟಿಯ ಮೇಲೆಯೇ ಕಣ್ಣು ಇಟ್ಟು ಗೆರೆಯವರೆಗೆ ಬನ್ನಿ. ಹೊಳಪು ಗೆರೆಯನ್ನು ದಾಟಿ ನೇರ ಮುಂದುವರಿದರೆ ಎರಡು ಭಾಗ ಸಮವಾಗಿ ಕೂತಿವೆ. ಗೆರೆಯ ಹತ್ತಿರ ಹೊಳಪು ಪಕ್ಕಕ್ಕೆ ಜಿಗಿದರೆ ಅಲ್ಲಿ ಮೆಟ್ಟಿಲಿದೆ, ಒಂದು ಭಾಗ ಇನ್ನೊಂದಕ್ಕಿಂತ ಎತ್ತರ. ಅಂಚಿನಿಂದ ಹಾಳೆಯಂಥ ತೆಳು ಪ್ಲಾಸ್ಟಿಕ್ ಹೊರಗೆ ಚಾಚಿದ್ದರೆ ಅದನ್ನು ಫ್ಲ್ಯಾಶ್ ಅನ್ನುತ್ತಾರೆ, ಸವೆದ ಅಥವಾ ಸರಿಯಾಗಿ ಮುಚ್ಚದ ಅಚ್ಚಿನ ಗುರುತು.

ಅಸಲಿ ವಸ್ತುವನ್ನೇ ಅಳತೆ ತೆಗೆದು ಮಾಡಿದ ಅಚ್ಚಿನಲ್ಲಿ ಮೊದಲು ಹೋಗುವುದು ಸೂಕ್ಷ್ಮ. ಚೂಪಾದ ಮೂಲೆ ಮೊಂಡಾಗುತ್ತದೆ. ಟ್ರಿಮ್ಮರ್‌ನ ಬಾಚಣಿಗೆ ತುಂಡುಗಳ ಮೇಲೆ ಉಬ್ಬಿದ ಸಂಖ್ಯೆಗಳಿರುತ್ತವಲ್ಲ, ಅವುಗಳನ್ನು ದೊಡ್ಡದು ಮಾಡಿ ನೋಡಿ. `6` ಮತ್ತು `9`ರ ಹೊಟ್ಟೆ ತೆರೆದಿರಬೇಕು. ನಕಲಿನಲ್ಲಿ ಅದು ತುಂಬಿ ಒಂದು ಉಂಡೆಯಂತೆ ಕಾಣುತ್ತದೆ. ಸ್ಕ್ರೂ ಕೂರುವ ಜಾಗದ ಹೊರಮೈಯಲ್ಲಿ ಸಣ್ಣ ಗುಳಿ ಇದೆಯಾ ಅಂತಲೂ ನೋಡಿ. ಪ್ಲಾಸ್ಟಿಕ್ ದಪ್ಪ ಇರುವಲ್ಲಿ ನಿಧಾನವಾಗಿ ತಣಿದು ಒಳಗೆ ಎಳೆದುಕೊಳ್ಳುವುದರಿಂದ ಅದು ಬರುತ್ತದೆ. ಅವಸರದ ಎರಕದಲ್ಲಿ ಜಾಸ್ತಿ.

ಇಲ್ಲಿ ಎಡವುವ ಕಡೆಗಳು ಎರಡು. ಹತ್ತಿರದಿಂದ ತೆಗೆದ ಫೋಟೊದಲ್ಲಿ ನೇರ ಗೆರೆ ಬಾಗಿದಂತೆ ಕಾಣುತ್ತದೆ. ಅದೇ ಫೋಟೊದಲ್ಲಿ ಮೇಜಿನ ಅಂಚೂ ಬಾಗಿದ್ದರೆ ತಪ್ಪು ಕ್ಯಾಮೆರಾದ್ದು. ಇನ್ನೊಂದು, ಫೋನು ಫೋಟೊವನ್ನು ಚುರುಕು ಮಾಡುವಾಗ ಗೆರೆಯ ಪಕ್ಕದಲ್ಲಿ ಬಿಳಿ ಅಂಚು ಮೂಡುತ್ತದೆ. ಅದನ್ನು ಬಿರುಕು ಅಂತ ತಿಳಿಯಬೇಡಿ. ಬಣ್ಣದ ಬಗ್ಗೆ ನಾನು ಏನೂ ಹೇಳಿಲ್ಲ, ಬೇಕಂತಲೇ. ಬಲ್ಬ್ ಬದಲಾದರೆ ಬಣ್ಣ ಬದಲಾಗುತ್ತದೆ, ಅದನ್ನು ಸುಳಿವು ಎಂದು ಎಣಿಸುವುದೇ ಬೇಡ.

## ಹಂತ 6: ಒಂದು ಟ್ರಿಮ್ಮರ್‌ನ ಮೇಲೆ ಪ್ರಯೋಗ

ಒಂದು ಉದಾಹರಣೆ ತೆಗೆದುಕೊಳ್ಳೋಣ. ವೈರಿಲ್ಲದ ಟ್ರಿಮ್ಮರ್, ತಳದಲ್ಲಿ ಯುಎಸ್‌ಬಿ ತೂತು, ಜೊತೆಗೆ ಯೂರೋಪ್ಲಗ್ ಪಿನ್ನಿನ ಅಡಾಪ್ಟರ್. ಮೈಮೇಲಿನ ಪ್ಲೇಟ್:

```
220-240V~  50/60HZ  5W
Li-ion 1.2V   IPX7
```

ಅಡಾಪ್ಟರ್ ಮೇಲಿನ ಪ್ಲೇಟ್:

```
INPUT: 100-240V~ 50/60HZ 0.05A
OUTPUT: 5V 2A
```

ಅಡಾಪ್ಟರ್‌ನಿಂದ ಶುರು ಮಾಡಿ. 100ನ್ನು 0.05ರಿಂದ ಗುಣಿಸಿದರೆ 5 ವ್ಯಾಟ್ ಒಳಗೆ ಹೋಗುತ್ತದೆ. 5ನ್ನು 2ರಿಂದ ಗುಣಿಸಿದರೆ 10 ವ್ಯಾಟ್ ಹೊರಗೆ ಬರುತ್ತದೆಯಂತೆ. ಆಗದ ಮಾತು. ಔಟ್‌ಪುಟ್ ಪಕ್ಕ ಡಿಸಿ ಗುರುತೂ ಇಲ್ಲ. ಪಕ್ಕದ ಫೋಟೊದಲ್ಲಿ ಪಿನ್ನಿಗೆ ತೋಳು ಇಲ್ಲ. ಈ ಅಡಾಪ್ಟರ್ ಅಸಲಿ ಅಲ್ಲ ಎಂದು ಇಲ್ಲೇ ಹೇಳಬಹುದು.

ಆದರೆ ಟ್ರಿಮ್ಮರ್? ಹಳೆಯ ಅಡಾಪ್ಟರ್ ಕಳೆದುಹೋಗಿ ಬೇರೆ ಸೇರಿಸಿರಬಹುದು. ಹಾಗಾಗಿ ಅಡಾಪ್ಟರ್‌ನ ತಪ್ಪನ್ನು ಟ್ರಿಮ್ಮರ್ ಮೇಲೆ ಹೊರಿಸಬೇಡಿ, ಅದರ ಪ್ಲೇಟನ್ನು ಬೇರೆಯೇ ಓದಿ. ಅಲ್ಲಿ 220-240 ವೋಲ್ಟ್ ಎಂದಿದೆ. ಗೋಡೆಯ ಕರೆಂಟನ್ನು ನೇರ ಮೈಗೇ ತೆಗೆದುಕೊಳ್ಳುವ ಟ್ರಿಮ್ಮರ್‌ಗಳಿವೆ, ಅವುಗಳಲ್ಲಿ ಇದು ಸರಿ. ಈ ಟ್ರಿಮ್ಮರ್‌ನ ಮೈಗೆ ಹೋಗುವುದು ಯುಎಸ್‌ಬಿಯಿಂದ ಬರುವ 5 ವೋಲ್ಟ್ ಡಿಸಿ. ಪ್ಲೇಟ್‌ನಲ್ಲಿ ಇರಬೇಕಾದದ್ದೂ ಅದೇ. ಮೇಲಿಂದ ಲಿಥಿಯಂ ಅಯಾನ್‌ಗೆ 1.2 ವೋಲ್ಟ್. ಇವೆರಡೂ ಸೇರಿದರೆ ಉತ್ತರ ಒಂದೇ: ಹಳೆಯ, ನೇರ ವೈರು ಚುಚ್ಚುವ, ನಿಕಲ್ ಬ್ಯಾಟರಿಯ ಯಾವುದೋ ಮಾಡೆಲ್‌ನ ಲೇಬಲನ್ನು ತಂದು, ಬ್ಯಾಟರಿಯ ಹೆಸರು ಮಾತ್ರ ಬದಲಿಸಿ ಅಂಟಿಸಿದ್ದಾರೆ.

`IPX7` ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟರೂ ಹಾಳಾಗದು ಎಂಬ ಭರವಸೆ. ಪಕ್ಕದ ಫೋಟೊದಲ್ಲಿ ಎರಡು ಭಾಗ ಸೇರುವಲ್ಲಿ ಹೊಳಪಿನ ಪಟ್ಟಿ ಜಿಗಿದಿದೆ, ಕೆಳತುದಿಯಲ್ಲಿ ಸಂದು ಕಾಣುತ್ತಿದೆ ಎಂದಿಟ್ಟುಕೊಳ್ಳಿ. ಇದಕ್ಕೆ ನಾನು ಅರ್ಧ ಅಂಕ ಮಾತ್ರ ಕೊಡುತ್ತೇನೆ. ನೀರು ತಡೆಯುವ ರಬ್ಬರ್ ಒಳಗೆ ಇರಬಹುದು, ಅಥವಾ ಯಾರೋ ಬಿಚ್ಚಿ ಜೋಡಿಸಿರಬಹುದು. `HZ` ತಪ್ಪಿಗೆ ಇನ್ನೂ ಕಡಿಮೆ. ತೀರ್ಮಾನ ನಿಲ್ಲುವುದು ಪ್ಲೇಟ್ ಮತ್ತು ಯುಎಸ್‌ಬಿ ತೂತಿನ ಜಗಳದ ಮೇಲೆ. ಕೈಪಿಡಿಯಲ್ಲಿ ಆ ಮಾಡೆಲ್‌ಗೆ ಯುಎಸ್‌ಬಿಯೇ ಇಲ್ಲ ಎಂದು ಕಂಡರೆ ಅದು ಪಕ್ಕಾ.

## ಹಂತ 7: ಎಲ್ಲಿ ನಿಲ್ಲಿಸಬೇಕು

ನಿಮ್ಮ ಕಾಗದದ ಮೇಲೆ ಈಗ ಒಂದಷ್ಟು ಗುರುತುಗಳಿರುತ್ತವೆ. ಅವನ್ನು ಎಣಿಸಬೇಡಿ, ತೂಗಿ. ಅಕ್ಷರ ತಪ್ಪು, ಗುಳಿ, ಗೆರೆಯ ಮೆಟ್ಟಿಲು ಹತ್ತು ಇದ್ದರೂ ಅವು ಅನುಮಾನವಷ್ಟೇ. ಸಾಧ್ಯವೇ ಇಲ್ಲದ ಲೆಕ್ಕ ಒಂದೇ ಇದ್ದರೂ ಸಾಕು. ಅಪಾಯದ ಪ್ಲಗ್ ಅಂತೂ ಬೇರೆಯೇ ಸಾಲಿಗೆ ಸೇರುತ್ತದೆ, ಅಲ್ಲಿ ಅಸಲಿ ನಕಲಿ ಚರ್ಚೆಯೇ ಬೇಡ.

ಪ್ರತಿ ಸುಳಿವಿಗೂ ಒಂದು ಸಾದಾ ಕಾರಣ ಇದೆಯಾ ಅಂತ ಕೇಳಿಕೊಳ್ಳಿ. ಬೇರೆ ದೇಶದ ಮಾರುಕಟ್ಟೆಗೆ ಮಾಡಿದ ಅಸಲಿ ವಸ್ತುವಿನಲ್ಲಿ ಪ್ಲಗ್ ಬೇರೆ, ಗುರುತುಗಳು ಬೇರೆ, ಮಾಡೆಲ್ ಸಂಖ್ಯೆಯ ಕೊನೆಯ ಅಕ್ಷರ ಬೇರೆ ಇರುತ್ತದೆ. ಅದಕ್ಕೆ ಹೋಲಿಸಲು ಆ ದೇಶದ ಕೈಪಿಡಿಯೇ ಬೇಕು. ರಿಪೇರಿಯಲ್ಲಿ ಪ್ಲಗ್ ಬದಲಾಗಿದ್ದರೆ ಸ್ಕ್ರೂ ಇರುವ, ಬಿಚ್ಚಬಹುದಾದ ಪ್ಲಗ್ ಕಾಣುತ್ತದೆ. ಮಾರುವವರನ್ನು ಕೇಳಿದರೆ ಹೇಳುತ್ತಾರೆ.

ಫೋಟೊದಿಂದ ಗೊತ್ತಾಗದ ಸಂಗತಿಯೂ ಇದೆ. ಅಡಾಪ್ಟರ್ ಒಳಗೆ ಗೋಡೆಯ ಕರೆಂಟಿನ ಭಾಗಕ್ಕೂ ಕೈಗೆ ಸಿಗುವ 5 ವೋಲ್ಟಿನ ಭಾಗಕ್ಕೂ ನಡುವೆ ಸಾಕಷ್ಟು ಅಂತರ ಇರಬೇಕು. ಹೊರಗಿನ ಪ್ಲೇಟ್, ಪಿನ್ನು, ಗೆರೆ ಎಲ್ಲ ಸರಿಯಾಗಿದ್ದೂ ಒಳಗೆ ಆ ಅಂತರ ಕೂದಲೆಳೆಯಷ್ಟೇ ಇರಬಹುದು. ಪ್ಲೇಟ್ ತಾಳೆಯಾದ ಟ್ರಿಮ್ಮರ್ ಜೊತೆ ಅನುಮಾನದ ಅಡಾಪ್ಟರ್ ಬಂದರೆ ಅದನ್ನು ಬದಿಗಿಟ್ಟು, ಕೈಪಿಡಿಯಲ್ಲಿ ಹೇಳಿದ ವೋಲ್ಟೇಜಿನ, ನಂಬಿಕೆಯ ಚಾರ್ಜರ್ ಬಳಸಿ.

ವಸ್ತು ಈಗಾಗಲೇ ಮನೆಗೆ ಬಂದಿದೆ, ಅನುಮಾನ ಈಗ ಬಂತು ಅನ್ನುವವರು ಅದನ್ನು ಚುಚ್ಚಿ ಪರೀಕ್ಷಿಸಲು ಹೋಗಬೇಡಿ. ಕೆಲಸ ಮಾಡುತ್ತದೆ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಇದೇ ನಾಲ್ಕು ಫೋಟೊ ನೀವೇ ತೆಗೆದು, ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಸೇರಿಸಿ ಬ್ರ್ಯಾಂಡಿನ ಗ್ರಾಹಕ ಸೇವೆಗೆ ಕಳಿಸಿ. ಆ ಸೀರಿಯಲ್ ಸಂಖ್ಯೆ ಆ ಮಾಡೆಲ್‌ದೇನಾ ಎಂದು ನೇರವಾಗಿ ಕೇಳಿ. ಉತ್ತರವನ್ನು ಬರಹದಲ್ಲಿ ತರಿಸಿಕೊಂಡರೆ, ಮಾರಾಟ ತಾಣದಲ್ಲಿ ಹಣ ವಾಪಸ್ ಕೇಳುವಾಗ ನಿಮ್ಮ ಲೆಕ್ಕದ ಕಾಗದದ ಜೊತೆ ಅದನ್ನೂ ಸೇರಿಸಬಹುದು.